ಬಾದಾಮಿಯ ಬ್ರೋಷರ್ ಇಟಾಲಿಯನ್‌ಗೆ: ಇಂಗ್ಲಿಷ್ ಪದ ಬಿಡಿ, ಹೊಂಡ ನೋಡಿ

ಪ್ರಶ್ನೆ: ನಾನು ಬಾದಾಮಿಯವಳು. ಆನ್‌ಲೈನ್‌ನಲ್ಲಿ ಇಟಾಲಿಯನ್ ಬಿ2 ಹಂತದವರೆಗೆ ಕಲಿತಿದ್ದೇನೆ. ಇಲ್ಲಿನ ಟ್ರಾವೆಲ್ಸ್‌ನವರೊಬ್ಬರು ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ಬಗ್ಗೆ ಒಂದು ಇಂಗ್ಲಿಷ್ ಬ್ರೋಷರ್ ಕೊಟ್ಟು ಇಟಾಲಿಯನ್ ಮಾಡಿಕೊಡು ಅಂದರು. ಎ4 ಹಾಳೆ, ಮೂರು ಮಡಿಕೆ. ಮಾಡಿದ್ದೇನೆ. ವ್ಯಾಕರಣದ ತಪ್ಪು ಇಲ್ಲ ಅಂತ ನಂಬಿಕೆ ಇದೆ. ಆದರೆ ಇಟಲಿಯ ಗೆಳತಿ ಓದಿ, ‘ಅರ್ಥ ಆಗುತ್ತೆ, ಆದರೆ ಕೆಲವು ಕಡೆ ನಗು ಬಂತು’ ಅಂದಳು. ಎಲ್ಲಿ ಅಂತ ಅವಳಿಗೂ ಸರಿಯಾಗಿ ಹೇಳಲು ಬರಲಿಲ್ಲ. ಕರಡು ಕಳಿಸಿದ್ದೇನೆ. ಸರ್, ಏನು ಸರಿ ಮಾಡಬೇಕು?

ಉತ್ತರ:

ಕರಡು ಪೂರ್ತಿ ಓದಿದೆ. ವ್ಯಾಕರಣ ಚೆನ್ನಾಗಿದೆ, ಅದರ ಚಿಂತೆ ಬೇಡ. ನಗು ಬಂದಿರುವುದು ಬನಶಂಕರಿಯ ಪುಟದಲ್ಲಿ. ಅಲ್ಲಿ ಒಬ್ಬ ಇಟಾಲಿಯನ್ ಓದುಗನಿಗೆ ಕಾಣುವುದು ಇಷ್ಟು: ಪವಿತ್ರವಾದ ನೀರಿನ ಟಾಂಕಿ, ಮೋಟಾರು ಕಾರುಗಳ ಉತ್ಸವ, ಚರ್ಚಿನ ಪಾದ್ರಿ ಪೂಜೆ ಮಾಡುವ ದೇವಿ.

ಇದರಲ್ಲಿ ನಿಮ್ಮ ತಪ್ಪು ಜಾಸ್ತಿ ಇಲ್ಲ. ನಿಮಗೆ ಕೊಟ್ಟಿರುವ ಇಂಗ್ಲಿಷ್ ಲಂಡನ್ನಿನದಲ್ಲ, ನಮ್ಮದು. ಟ್ಯಾಂಕ್, ಕಾರ್ ಫೆಸ್ಟಿವಲ್, ಐಡಲ್, ಹೋಲಿ ಡಿಪ್, ವೆಜ್ ಹೋಟೆಲ್ ಎಲ್ಲವೂ ಇಂಗ್ಲಿಷ್ ಅಂಗಿ ತೊಟ್ಟ ಹೊಂಡ, ತೇರು, ಮೂರ್ತಿ, ಪುಣ್ಯಸ್ನಾನ, ಖಾನಾವಳಿ. ನಮಗೆ ಓದಿದ ಕೂಡಲೇ ಗೊತ್ತಾಗುತ್ತದೆ. ಇಟಾಲಿಯನ್ ನಿಘಂಟಿಗೆ ಗೊತ್ತಾಗುವುದಿಲ್ಲ, ಅದು ಲಂಡನ್ನಿನ ಅರ್ಥವನ್ನೇ ಕೊಡುತ್ತದೆ. ಹಾಗಾಗಿ ನನ್ನ ಸಲಹೆ ಒಂದೇ. ಇಂಗ್ಲಿಷ್ ವಾಕ್ಯ ಓದಿ, ಅದನ್ನು ಪಕ್ಕಕ್ಕಿಡಿ. ಇದಕ್ಕೆ ನಮ್ಮ ಊರಲ್ಲಿ ಏನಂತಾರೆ ಅಂತ ಕೇಳಿಕೊಳ್ಳಿ. ಆ ವಸ್ತುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಮೇಲೆ ಇಟಾಲಿಯನ್ ಪದ ಹುಡುಕಿ. ರೋಮ್‌ನಲ್ಲಿ ಕೂತ ಅನುವಾದಕನಿಗೆ ಇದು ಆಗದ ಕೆಲಸ. ನಿಮಗೆ ಆಗುತ್ತದೆ, ಏಕೆಂದರೆ ನೀವು ಆ ಹೊಂಡದ ಮೆಟ್ಟಿಲಮೇಲೆ ಕೂತು ಬೆಳೆದವರು.

ಬನಶಂಕರಿಯ ಆ ಪುಟವನ್ನೇ ತೆಗೆದುಕೊಳ್ಳೋಣ. ‘ಟ್ಯಾಂಕ್’ಗೆ ನೀವು ‘ಸೆರ್ಬತೋಯೊ’ ಹಾಕಿದ್ದೀರಿ. ಅದು ಮನೆಮೇಲಿನ ನೀರಿನ ಟಾಂಕಿ, ಇಲ್ಲವೇ ಗಾಡಿಯ ಪೆಟ್ರೋಲ್ ಟಾಂಕಿ. ಗುಡಿಯ ಮುಂದಿನ ಹರಿದ್ರಾತೀರ್ಥ ಅದಲ್ಲ ಅಲ್ವಾ? ಅದು ಕಲ್ಲು ಕಟ್ಟಿದ, ಸುತ್ತ ಮಂಟಪ ಇರುವ ಚೌಕದ ಹೊಂಡ. ಇದಕ್ಕೆ ‘ವಾಸ್ಕಾ ಸಾಕ್ರಾ’ ಸರಿಹೋಗುತ್ತದೆ. ಆದರೆ ‘ವಾಸ್ಕಾ’ ಒಂದನ್ನೇ ಬಿಡಬೇಡಿ, ಬಚ್ಚಲುಮನೆಯ ತೊಟ್ಟಿಗೂ ಅದೇ ಪದ. ಮೊದಲ ಸಲ ಬಂದಾಗ ಕಲ್ಲಿನದು, ಸುತ್ತ ಕಂಬಸಾಲು ಇದೆ ಎಂದು ಒಂದು ತುಂಡು ಸೇರಿಸಿ. ಆಮೇಲೆ ಬರೀ ‘ವಾಸ್ಕಾ’ ಸಾಕು. ‘ಹೋಲಿ ಡಿಪ್’ ಕೂಡ ಹೀಗೆಯೇ. ‘ಬಾಞೊ’ ಎಂದರೆ ಸ್ನಾನವೂ ಹೌದು, ಶೌಚಾಲಯವೂ ಹೌದು. ‘ಇಮ್ಮೆರ್ಸಿಯೋನೆ ರಿತುವಾಲೆ’ ಎಂದು ಬರೆಯಿರಿ. ವಿಧಿಪೂರ್ವಕ ಮುಳುಗು ಎಂಬ ಅರ್ಥ ಬರುತ್ತದೆ, ಗೊಂದಲ ಇರುವುದಿಲ್ಲ.

ಇನ್ನು ತೇರು. ಇಂಗ್ಲಿಷ್‌ನಲ್ಲಿರುವ ವಾಕ್ಯ ಇದು: ‘ಡ್ಯೂರಿಂಗ್ ದಿ ಕಾರ್ ಫೆಸ್ಟಿವಲ್, ದಿ ಐಡಲ್ ಆಫ್ ದಿ ಗಾಡೆಸ್ ಈಸ್ ಟೇಕನ್ ಔಟ್ ಬೈ ಡಿವೋಟೀಸ್.’ ನೀವು ಕಾರಿಗೆ ‘ಆಉತೊ’ ಎಂದಿದ್ದೀರಿ, ಐಡಲ್‌ಗೆ ‘ಈದೊಲೊ’ ಎಂದಿದ್ದೀರಿ. ‘ಆಉತೊ’ ರಸ್ತೆಮೇಲೆ ಓಡುವ ಕಾರು. ‘ಈದೊಲೊ’ ಅದಕ್ಕಿಂತ ಕೆಟ್ಟದ್ದು. ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಇಟಾಲಿಯನ್ನರಿಗೆ ಆ ಪದ ಕೇಳಿದರೆ ಪೂಜಿಸಬಾರದ ಸುಳ್ಳು ದೇವರು ಎಂಬ ಭಾವ ಬರುತ್ತದೆ. ಇಲ್ಲವೇ ಸಿನಿಮಾ, ಫುಟ್‌ಬಾಲ್ ತಾರೆ ನೆನಪಾಗುತ್ತಾನೆ. ನಮ್ಮ ದೇವಿಯ ಬ್ರೋಷರ್‌ನಲ್ಲಿ ಎರಡೂ ಬೇಡ.

ಈಗ ಕನ್ನಡಕ್ಕೆ ಬನ್ನಿ. ಬನದ ಹುಣ್ಣಿಮೆಗೆ ತೇರಿನಲ್ಲಿ ಕೂರುವುದು ಯಾವುದು? ಗರ್ಭಗುಡಿಯ ಮೂಲಮೂರ್ತಿ ಅಲ್ಲ. ಅದು ಕದಲುವುದಿಲ್ಲ. ಹೊರಗೆ ಬರುವುದು ಉತ್ಸವಮೂರ್ತಿ. ಇಂಗ್ಲಿಷ್ ಎರಡನ್ನೂ ‘ಐಡಲ್’ ಎಂದು ಒಂದೇ ಬುಟ್ಟಿಗೆ ಹಾಕಿದೆ. ಆದರೆ ಇಟಾಲಿಯನ್‌ನಲ್ಲಿ ಉತ್ಸವಮೂರ್ತಿಗೆ ತನ್ನದೇ ಪದ ಇದೆ: ‘ಸ್ತಾತುವಾ ಪ್ರೊಚೆಸ್ಸಿಯೊನಾಲೆ’. ಅಲ್ಲಿ ಊರೂರಿಗೆ ಮೇರಿಯಮ್ಮನ, ಸಂತರ ಮೂರ್ತಿಗಳನ್ನು ಹೀಗೆ ಮೆರವಣಿಗೆಗೆ ತರುತ್ತಾರೆ. ತೇರಿಗೂ ಪದ ಇದೆ, ‘ಕಾರ್ರೊ’. ಪಲೆರ್ಮೊ ಊರಲ್ಲಿ ಪ್ರತಿವರ್ಷ ಜುಲೈ 14ರ ರಾತ್ರಿ ಸಾಂತಾ ರೊಸಾಲಿಯಾಳ ದೊಡ್ಡ ಕಾರ್ರೊ ಬೀದಿಗಿಳಿಯುತ್ತದೆ, ಜನ ಕಿಕ್ಕಿರಿದು ಸೇರುತ್ತಾರೆ. ಹಾಗಾಗಿ ‘ಕಾರ್ರೊ’ ಅಂದರೆ ಸಾಕು, ಇಟಾಲಿಯನ್ ಓದುಗ ಚಿತ್ರ ತಾನೇ ಕಟ್ಟಿಕೊಳ್ಳುತ್ತಾನೆ.

ಕ್ರಿಯಾಪದವನ್ನೂ ನೋಡಿ. ಇಂಗ್ಲಿಷ್‌ನಲ್ಲಿ ದೇವಿಯನ್ನು ‘ಹೊರಗೆ ತೆಗೆದುಕೊಂಡು ಹೋಗಲಾಗುತ್ತದೆ’. ನಾವು ಹಾಗೆ ಹೇಳುತ್ತೇವಾ? ತೇರು ಹೊರಡುತ್ತದೆ, ದೇವಿ ಹೊರಡುತ್ತಾಳೆ ಅನ್ನುತ್ತೇವೆ. ಇಟಾಲಿಯನ್ನರೂ ಹಾಗೇ ಅನ್ನುತ್ತಾರೆ. ಮೂರ್ತಿ ಚರ್ಚಿನಿಂದ ‘ಎಶ್ಶೆ’, ಅಂದರೆ ಹೊರಬರುತ್ತದೆ. ಹೀಗಾಗಿ ನಾನಾದರೆ ಆ ವಾಕ್ಯವನ್ನು ಹೀಗೆ ಬರೆಯುತ್ತೇನೆ: ‘ಕೊನ್ ಲಾ ಲೂನಾ ಪಿಯೇನಾ ದಿ ಜೆನ್ನಾಯೊ, ಲಾ ಸ್ತಾತುವಾ ಪ್ರೊಚೆಸ್ಸಿಯೊನಾಲೆ ದೆಲ್ಲಾ ದೇಯಾ ಎಶ್ಶೆ ದಾಲ್ ತೆಂಪಿಯೊ ಸು ಉನ್ ಆಲ್ತೊ ಕಾರ್ರೊ ದಿ ಲೇಞೊ, ತ್ರಯ್ನಾತೊ ಆ ಮಾನೊ ದಾಯ್ ಫೆದೇಲಿ.’ ಜನವರಿಯ ಹುಣ್ಣಿಮೆಗೆ ದೇವಿಯ ಉತ್ಸವಮೂರ್ತಿ ಎತ್ತರದ ಮರದ ತೇರೇರಿ ಗುಡಿಯಿಂದ ಹೊರಡುತ್ತದೆ, ಭಕ್ತರು ಕೈಯಿಂದ ಎಳೆಯುತ್ತಾರೆ ಎಂದರ್ಥ. ಇಂಗ್ಲಿಷ್‌ನಲ್ಲಿ ಎತ್ತರ, ಮರ, ಕೈಯಿಂದ ಎಳೆಯುವುದು ಯಾವುದೂ ಇರಲಿಲ್ಲ. ಆದರೆ ಓದುಗ ಅದನ್ನು ನೋಡಿಲ್ಲ, ಆ ಮೂರು ಪದ ಅವನಿಗೆ ಬೇಕು. ಒಂದು ಎಚ್ಚರ: ಬನದ ಹುಣ್ಣಿಮೆ ಅಂದರೆ ಪುಷ್ಯದ ಹುಣ್ಣಿಮೆ, ಅದು ಕೆಲವು ವರ್ಷ ಜನವರಿ ಮೊದಲ ವಾರಕ್ಕೂ ಮುಂಚೆಯೇ ಬರಬಹುದು. ಬ್ರೋಷರ್ ಒಂದೇ ವರ್ಷಕ್ಕಾದರೆ ತಾರೀಖನ್ನೇ ಹಾಕಿ. ನಾಲ್ಕಾರು ವರ್ಷ ಹಂಚುವುದಾದರೆ ‘ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯೊಳಗೆ ಬರುವ ಹುಣ್ಣಿಮೆ’ ಎಂದು ಬರೆಯಿರಿ.

ಪಲ್ಯದ ಹಬ್ಬವನ್ನು ‘ತರಕಾರಿಗಳ ಫೆಸ್ತಿವಾಲ್’ ಮಾಡಿದ್ದೀರಿ. ಅದನ್ನು ಓದಿದವನು ಬಾಳೆಎಲೆ ಹಿಡಿದು ಊಟಕ್ಕೆ ಬರುತ್ತಾನೆ! ಇಟಲಿಯ ಹಳ್ಳಿಗಳಲ್ಲಿ ‘ಸಾಗ್ರಾ’ ಅಂತ ನಡೆಯುತ್ತದೆ. ಒಂದೂರಲ್ಲಿ ಅಣಬೆ, ಇನ್ನೊಂದೂರಲ್ಲಿ ಹಂದಿಮಾಂಸ, ಜನ ತಿನ್ನಲಿಕ್ಕೇ ಹೋಗುವುದು. ನಮ್ಮದು ಶಾಕಂಬರಿಗೆ 108 ಬಗೆಯ ಪಲ್ಯದ ನೈವೇದ್ಯ. ‘ದೇವಿಗೆ 108 ತರಕಾರಿ ಖಾದ್ಯಗಳ ವಿಧಿಪೂರ್ವಕ ಅರ್ಪಣೆ’ ಎಂದು ಬಿಡಿಸಿ ಬರೆಯಿರಿ. ಅರ್ಪಣೆಗೆ ‘ಒಫ್ಫೆರ್ತಾ’ ಎನ್ನುತ್ತಾರೆ. ಅಂಗಡಿಯ ರಿಯಾಯಿತಿಗೂ ಅದೇ ಪದ. ‘ದೇವಿಗೆ’ ಎಂಬುದು ಪಕ್ಕದಲ್ಲೇ ಇದ್ದರೆ ತೊಂದರೆ ಇಲ್ಲ. ತಲೆಬರಹದಲ್ಲಿ ಮಾತ್ರ ಅದನ್ನು ಒಂಟಿಯಾಗಿ ಇಡಬೇಡಿ.

ಅರ್ಚಕರಿಗೆ ನೀವು ಹಾಕಿದ ‘ಪ್ರೇತೆ’ ಚರ್ಚಿನ ಪಾದ್ರಿ. ನಮ್ಮ ಕಿವಿಗೆ ಅದು ಬೇರೆಯದೇ ಕೇಳಿಸುತ್ತದೆ, ಆ ಮಾತು ಬೇರೆ. ‘ಸಾಚೆರ್ದೋತೆ’ ಎನ್ನಿ, ಅದು ಯಾವ ಧರ್ಮದ ಪೂಜಾರಿಗೂ ಹೊಂದುತ್ತದೆ. ಗರ್ಭಗುಡಿಗೆ ‘ಚೆಲ್ಲಾ’. ಗ್ರೀಕ್, ರೋಮನ್ ದೇಗುಲಗಳ ಒಳಕೋಣೆಗೆ ಅವರು ಶಾಲೆಯಲ್ಲೇ ಕಲಿತ ಪದ ಅದು.

ಬನಶಂಕರಿ ಇಷ್ಟಕ್ಕೆ ಸಾಕು. ಬಾದಾಮಿಯ ಪುಟದಲ್ಲಿ ಒಂದು ದೊಡ್ಡ ತೊಡಕು ಫೋಟೊಗಳ ಕೆಳಗೇ ಕೂತಿದೆ. ಗುಹೆಗಳಿಗೆ ನೀವು ಫೋಟೊ ಕೆಳಗೆ ಇಂಗ್ಲಿಷ್ ಹೆಸರನ್ನೇ ಬಿಟ್ಟಿದ್ದೀರಿ, ಕೇವ್ 1, ಕೇವ್ 2 ಎಂದು. ಫಲಕದಲ್ಲಿ ಹಾಗೇ ಇದೆ, ಪ್ರವಾಸಿಗೆ ಹೊಂದಿಸಿಕೊಳ್ಳಲು ಸುಲಭ ಎಂದು ನೀವು ಅಂದುಕೊಂಡಿರಬೇಕು. ಆದರೆ ಅದೇ ನಾಲ್ಕು ಅಕ್ಷರಗಳನ್ನು ಇಟಾಲಿಯನ್ ‘ಕಾವೆ’ ಎಂದು ಓದುತ್ತಾನೆ. ಅರ್ಥ ಕಲ್ಲುಕ್ವಾರಿಗಳು. ಕರ್ರಾರಾದ ಅಮೃತಶಿಲೆ ಕ್ವಾರಿಗಳಿಗೆ ಅವರು ಹೇಳುವುದು ಅದೇ. ಕೆಂಪು ಮರಳುಗಲ್ಲಿನ ಬೆಟ್ಟದ ಫೋಟೊ ಕೆಳಗೆ ಅದು ಎಷ್ಟು ಸಹಜವಾಗಿ ಕೂರುತ್ತದೆ ನೋಡಿ! ಯಾರಿಗೂ ತಪ್ಪು ಅನ್ನಿಸುವುದೇ ಇಲ್ಲ, ಅದೇ ಕಷ್ಟ.

ಹಾಗಂತ ಎಲ್ಲ ಕಡೆ ‘ಗ್ರೋತ್ತಾ’ ಹಾಕಿದರೂ ಪೂರ್ತಿ ಸರಿಯಲ್ಲ. ‘ಗ್ರೋತ್ತಾ’ ಅಂದರೆ ಮೊದಲು ನೆನಪಾಗುವುದು ತಾನಾಗಿ ಆದ ಗವಿ. ನಮ್ಮವು ಚಾಣದಿಂದ ಕಡಿದು ಮಾಡಿದ ಗುಡಿಗಳು. ಇದಕ್ಕೆ ‘ತೆಂಪ್ಲಿ ರುಪೆಸ್ತ್ರಿ’ ಎಂಬ ಚಂದದ ಪದ ಇದೆ. ದಕ್ಷಿಣ ಇಟಲಿಯ ಮಾತೆರಾ ಊರಲ್ಲಿ ಬಂಡೆಯಲ್ಲಿ ಕೊರೆದ ಚರ್ಚುಗಳಿವೆ, 1993ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, ಅವಕ್ಕೂ ‘ರುಪೆಸ್ತ್ರಿ’ ಎಂದೇ ಹೆಸರು. ತಲೆಬರಹ ಮತ್ತು ವಿವರಣೆಯಲ್ಲಿ ಇದನ್ನು ಬಳಸಿ. ಒಂದೊಂದನ್ನು ಗುರುತಿಸುವಾಗ ಮಾತ್ರ ‘ಗ್ರೋತ್ತಾ 3’ ಎನ್ನಿ. ಅಂಕಿ ಫಲಕದ ಅಂಕಿಗೆ ಹೊಂದಿದರೆ ಪ್ರವಾಸಿ ದಾರಿ ತಪ್ಪುವುದಿಲ್ಲ.

ಐಹೊಳೆಗೆ ಬಂದಾಗ ನಿಮ್ಮ ಇಂಗ್ಲಿಷ್ ಮೂಲವೇ ಹಳ್ಳಕ್ಕೆ ತಳ್ಳುತ್ತದೆ. ‘ದುರ್ಗಾ ಟೆಂಪಲ್’ ಎಂದಿದೆ. ನೀವು ‘ತೆಂಪಿಯೊ ದಿ ದುರ್ಗಾ’ ಮಾಡಿದ್ದೀರಿ. ಇಟಾಲಿಯನ್‌ನಲ್ಲಿ ಗುಡಿಯ ಹೆಸರಿಗೆ ‘ದಿ’ ಹಚ್ಚಿದರೆ ಆ ದೇವರಿಗೆ ಅರ್ಪಿಸಿದ ಗುಡಿ ಎಂದಾಗುತ್ತದೆ. ಈ ಗುಡಿ ದುರ್ಗಾದೇವಿಯದಲ್ಲ. ಹೆಸರು ಬಂದಿದ್ದು ದುರ್ಗದಿಂದ, ಅಂದರೆ ಕೋಟೆಯಿಂದ. ಚಿತ್ರದುರ್ಗ ಎಂದು ದಿನಾ ಹೇಳುವ ನಮಗೆ ಇದು ಹೊಸದಲ್ಲ. ಆದರೆ ಹೊರಸುತ್ತಿನ ಪ್ರದಕ್ಷಿಣೆ ಹಾದಿಯಲ್ಲಿ ಮಹಿಷಮರ್ದಿನಿಯ ಚಂದದ ಶಿಲ್ಪ ಬೇರೆ ಇದೆ. ಹಾಗಾಗಿ ಪ್ರವಾಸಿಗೆ ಅನುಮಾನವೇ ಬರುವುದಿಲ್ಲ. ‘ದುರ್ಗಾ ಎಂದು ಕರೆಯುವ ಗುಡಿ, ಹೆಸರು ಕೋಟೆ ಎಂಬ ಪದದಿಂದ’ ಎಂದು ಅರ್ಧ ವಾಕ್ಯ ಸೇರಿಸಿ. ಅದೇ ಜಾಗದಲ್ಲಿ ಇನ್ನೊಂದು ಲಾಭ ಇದೆ. ಆ ಗುಡಿಯ ಹಿಂಭಾಗ ಅರ್ಧವೃತ್ತದಲ್ಲಿದೆ. ಇಂಗ್ಲಿಷ್ ಬ್ರೋಷರ್ ಅದನ್ನು ಆನೆಯ ಬೆನ್ನಿಗೆ ಹೋಲಿಸಿ ಎರಡು ಸಾಲು ಖರ್ಚು ಮಾಡಿದೆ. ಇಟಾಲಿಯನ್‌ನಲ್ಲಿ ‘ಆ ಪಿಯಾಂತಾ ಆಬ್ಸಿದಾತಾ’ ಎಂಬ ಮೂರು ಪದ ಸಾಕು. ಅವರ ಹಳೆಯ ಚರ್ಚುಗಳ ಹಿಂಬದಿ ಹಾಗೇ ಇರುತ್ತದೆ. ಸುತ್ತಿನ ಪ್ರದಕ್ಷಿಣೆ ಹಾದಿಗೆ ‘ದೆಆಂಬುಲತೋರಿಯೊ’ ಎನ್ನಿ, ಅದೂ ಅವರದೇ.

ಹೆಸರಿನ ಮುಂದೆ ‘ದಿ’ ಹಾಕುವ ಮೊದಲು ಪ್ರತಿ ಸಲ ಕೇಳಿಕೊಳ್ಳಿ: ಇದು ದೇವರ ಹೆಸರಾ, ಬೇರೆ ಏನಾದರೂನಾ? ಪಟ್ಟದಕಲ್ಲಿನ ವಿರೂಪಾಕ್ಷ ದೇವರೇ, ‘ದಿ’ ಸರಿ. ಲಾಡಖಾನ ಗುಡಿ? ಅಲ್ಲಿ ವಾಸವಿದ್ದವನ ಹೆಸರು ಅದು. ಅಲ್ಲಿ ‘ದೆತ್ತೊ’, ಅಂದರೆ ‘ಎಂದು ಕರೆಯುವ’ ಎಂದು ಹಾಕಿ. ವಿರೂಪಾಕ್ಷನ ಬಗ್ಗೆ ಇನ್ನೊಂದು ಮಾತು. ಕರ್ನಾಟಕಕ್ಕೆ ಬರುವ ಇಟಾಲಿಯನ್ನರಲ್ಲಿ ತುಂಬ ಜನ ಹಂಪಿ ನೋಡಿಯೇ ಬಂದಿರುತ್ತಾರೆ, ಅಲ್ಲೂ ವಿರೂಪಾಕ್ಷ ಇದ್ದಾನೆ. ಪಟ್ಟದಕಲ್ಲಿನದು 8ನೇ ಶತಮಾನದ್ದು, ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಎಂಬುದನ್ನು ಮೊದಲ ವಾಕ್ಯದಲ್ಲೇ ತನ್ನಿ. ನಿಮ್ಮ ಕರಡಿನಲ್ಲಿ ರಾಣಿ ಕೊನೆ ಸಾಲಿಗೆ ಹೋಗಿದ್ದಾಳೆ.

ಯುನೆಸ್ಕೊ ವಿಷಯವನ್ನು ಟ್ರಾವೆಲ್ಸ್‌ನವರ ಹತ್ತಿರ ಮಾತಾಡಿ. ಇಂಗ್ಲಿಷ್ ಬ್ರೋಷರ್ ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ವಿಶ್ವ ಪರಂಪರೆ ಎಂದು ಒಟ್ಟಿಗೆ ಹೇಳಿಬಿಟ್ಟಿದೆ. ಪಟ್ಟಿಯಲ್ಲಿರುವುದು ಪಟ್ಟದಕಲ್ಲು ಮಾತ್ರ, 1987ರಿಂದ. ಅನುವಾದಕಿ ಮೂಲದ ತಪ್ಪನ್ನು ಸುಮ್ನೆ ತಿದ್ದಿಬಿಡಬಾರದು. ಹಾಗೇ ಬಿಡಲೂ ಬಾರದು. ಕೇಳಿ, ಅವರು ಒಪ್ಪಿದ ಮೇಲೆ ಎರಡೂ ಭಾಷೆಯಲ್ಲಿ ತಿದ್ದಿಸಿ. ಇಟಲಿಯವರಿಗೆ ಆ ಪಟ್ಟಿ ಮನೆಮಾತು, ಅವರು ನೋಡಿಯೇ ಬರುತ್ತಾರೆ.

ಈಗ ಶತಮಾನ. ಇಲ್ಲಿ ನಿಮ್ಮ ಕರಡಿನಲ್ಲಿ ಒಂದು ದೊಡ್ಡ ಅನಾಹುತ ಇದೆ, ಗೆಳತಿ ಗಮನಿಸಿಲ್ಲ. ಇಂಗ್ಲಿಷ್ ಮೂಲದಲ್ಲಿ ಮೂರನೇ ಗುಹೆ ‘500ರ ದಶಕಗಳ ಕೊನೆಯದು’ ಎಂಬರ್ಥದ ಮಾತಿದೆ. ನೀವು ‘ಚಿಂಕ್ವೆಚೆಂತೊ’ ಎಂದಿದ್ದೀರಿ. ಪದದ ಅರ್ಥ ಐನೂರು, ಸರಿಯೇ. ಆದರೆ ಇಟಾಲಿಯನ್‌ನಲ್ಲಿ ಕಾಲ ಹೇಳುವಾಗ ಅದು 1500ರಿಂದ 1599. ಸಾವಿರವನ್ನು ಅವರು ಬಾಯಲ್ಲಿ ಹೇಳುವುದಿಲ್ಲ, ಒಳಗೇ ಇರುತ್ತದೆ. ಚಿಂಕ್ವೆಚೆಂತೊ ಎಂದರೆ ಮೈಕೆಲೆಂಜಲೊನ ಕಾಲ. ಒಂದೇ ಪದದಲ್ಲಿ, ಆ ಗುಹೆ ಕಡಿಸಿದ ಚಾಲುಕ್ಯ ಮಂಗಳೇಶನನ್ನು ಸಾವಿರ ವರ್ಷ ಈಚೆ ತಂದು ನಿಲ್ಲಿಸಿದಂತಾಯಿತು. ಪಟ್ಟದಕಲ್ಲಿನ ಪುಟದಲ್ಲೂ ‘ಸೆತ್ತೆಚೆಂತೊ’ ಹಾಗೇ ಆಗಿದೆ, ಅದು 1700ರ ಕಾಲ.

ಈ ಹಳೆಯ ಕಾಲಕ್ಕೆ ಶತಮಾನವನ್ನು ರೋಮನ್ ಅಂಕಿಯಲ್ಲಿ ಬರೆಯಬೇಕು. 6ನೇ ಶತಮಾನಕ್ಕೆ `VI secolo d.C.`, 8ನೆಯದಕ್ಕೆ `VIII secolo d.C.` ಎಂದು. ಕೊನೆಯ ಎರಡು ಅಕ್ಷರ ನಮ್ಮ ‘ಕ್ರಿ.ಶ.’ ಇದ್ದಂತೆ. ಮೊದಲ ಸಲ ಬಂದಾಗ ಹಾಕಿದರೆ ಸಾಕು. ಮೂರನೇ ಗುಹೆಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಅಲ್ಲಿ ಮಂಗಳೇಶನ ಶಾಸನವೇ ಇದೆ, ಶಕ 500, ಅಂದರೆ ಕ್ರಿ.ಶ. 578. ನಿಖರವಾದ ಇಸವಿ ಇರುವಾಗ ಶತಮಾನದ ಗೊಡವೆ ಯಾಕೆ? 578 ಎಂದೇ ಬರೆಯಿರಿ.

ಬಿಡದೇ ಉಳಿಸಿಕೊಂಡ ನಮ್ಮ ಪದಗಳ ಬಗ್ಗೆ ಸ್ವಲ್ಪ. ಮಂಟಪ, ಶಿಖರ, ಲಿಂಗ, ಪೂಜೆ ಇವನ್ನು ಹಾಗೇ ಇಟ್ಟಿದ್ದೀರಿ, ಒಳ್ಳೆಯದು. ಆದರೆ ಇಟಾಲಿಯನ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗ ಬೇಕು, ಮುಂದೆ ಆರ್ಟಿಕಲ್ ಬೇಕು. ‘ಆ’ಕಾರದಲ್ಲಿ ಮುಗಿಯುವ ಪದ ಕಂಡರೆ ಕೈ ತಾನಾಗಿ ‘ಲಾ’ ಬರೆಯುತ್ತದೆ, ಸ್ತ್ರೀಲಿಂಗ ಮಾಡುತ್ತದೆ. ಭಾರತದ ಬಗ್ಗೆ ಇಟಾಲಿಯನ್‌ನಲ್ಲಿ ಬರೆಯುವವರು ‘ಇಲ್ ಮಂಡಪ’, ‘ಇಲ್ ಲಿಂಗ’ ಎಂದು ಪುಲ್ಲಿಂಗದಲ್ಲೇ ಬಳಸುತ್ತಾರೆ. ಶಿಖರಕ್ಕೆ ‘ಇಲ್’ ಬರುವುದಿಲ್ಲ, ‘ಲೋ ಶಿಖರ’. ಶಾಂಪೂವಿಗೆ ‘ಲೋ ಶಾಂಪೊ’ ಎನ್ನುವುದು ಇದೇ ‘ಶ’ಕಾರದ ಕಾರಣಕ್ಕೆ. ಪೂಜೆ ಮಾತ್ರ ಸ್ತ್ರೀಲಿಂಗ, ‘ಲಾ ಪೂಜಾ’. ಬಹುವಚನಕ್ಕೆ ಪದವನ್ನು ಮುಟ್ಟಬೇಡಿ, ಆರ್ಟಿಕಲ್ ಮಾತ್ರ ಬದಲಾಗಲಿ: ‘ಇ ಮಂಡಪ’, ‘ಲ್ಯಿ ಶಿಖರ’. ನೀವು ಇಂಗ್ಲಿಷ್ ನೋಡಿ ಕೊನೆಗೆ ‘ಸ್’ ಹಚ್ಚಿದ್ದೀರಿ. ಅದೆಲ್ಲ ತೆಗೆಯಿರಿ. ಮಲಪ್ರಭೆಗೆ ‘ಇಲ್ ಫಿಯೂಮೆ ಮಲಪ್ರಭಾ’, ಅಂದರೆ ‘ಮಲಪ್ರಭಾ ನದಿ’ ಎಂದುಬಿಡಿ. ನದಿ ಹೆಣ್ಣಾ ಗಂಡಾ ಎಂಬ ಜಗಳವೇ ಇರುವುದಿಲ್ಲ.

ಊರ ಹೆಸರುಗಳ ಕಾಗುಣಿತ ಬದಲಿಸಬೇಡಿ. ರಸ್ತೆ ಫಲಕಕ್ಕೆ ಅದು ಹೊಂದಬೇಕು. ಆದರೆ ಇಟಾಲಿಯನ್ನರು ಎಚ್ ಅಕ್ಷರವನ್ನು ಉಚ್ಚರಿಸುವುದಿಲ್ಲ, ಸಿ-ಎಚ್ ಕಂಡರೆ ‘ಕ’ ಎನ್ನುತ್ತಾರೆ. ಹಾಗಾಗಿ ಐಹೊಳೆ ‘ಐಓಲೆ’ ಆಗುತ್ತದೆ, ಚಾಲುಕ್ಯರು ‘ಕಾಲುಕ್ಯ’ ಆಗುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ‘ಐಓಲೆ’ ಕೇಳಿದರೆ ಕಂಡಕ್ಟರಿಗೆ ತಿಳಿಯಬೇಕಲ್ಲ! ಮೊದಲ ಸಲ ಬಂದಾಗ ಕಂಸದಲ್ಲಿ ಅವರ ಕಾಗುಣಿತದಲ್ಲಿ ಉಚ್ಚಾರ ಕೊಡಿ. ವಿಜಯಪುರದ ಪಕ್ಕ ‘ಜಾ ಬಿಜಾಪುರ’ ಎಂದು ಹಾಕಿ. ‘ಜಾ’ ಎಂದರೆ ಹಿಂದಿನ ಹೆಸರು. ಅವರ ಹಳೆಯ ಗೈಡ್ ಪುಸ್ತಕಗಳಲ್ಲಿ ಇರುವುದು ಬಿಜಾಪುರವೇ.

ಧಾಟಿಯ ವಿಷಯ ಬೇಗ ಮುಗಿಸುತ್ತೇನೆ. ಇಂಗ್ಲಿಷ್‌ನ ‘ಯೂ’ಗೆ ನೀವು ಮೊದಲ ಪುಟದಲ್ಲಿ ‘ತು’, ಬನಶಂಕರಿಯಲ್ಲಿ ‘ಲೇಯ್’, ಕೊನೆಗೆ ‘ವೋಯ್’ ಬಳಸಿದ್ದೀರಿ. ಒಂದೇ ಹಿಡಿಯಿರಿ. ಗುಂಪಾಗಿ ಬರುವ ಪ್ರವಾಸಿಗಳ ಕೈಗೆ ಕೊಡುವ ಹಾಳೆಗೆ ‘ವೋಯ್’ ಒಳ್ಳೆಯದು. ಏಕವಚನದಲ್ಲಿ ಕರೆದರೆ ಗಂಡಸೋ ಹೆಂಗಸೋ ಎಂದು ವಿಶೇಷಣ ಬದಲಿಸಬೇಕಾಗುತ್ತದೆ, ‘ವೋಯ್’ನಲ್ಲಿ ಆ ಕಷ್ಟ ಕಡಿಮೆ. ಸೂಚನೆಗಳಿಗೆ ಯಾರನ್ನೂ ಕರೆಯುವುದೇ ಬೇಡ. ‘ನೋನ್ ತೊಕ್ಕಾರೆ ಲೆ ಸ್ಕುಲ್ತೂರೆ’ ಎಂದರೆ ಶಿಲ್ಪ ಮುಟ್ಟಬಾರದು, ಇಟಲಿಯ ಮ್ಯೂಸಿಯಂಗಳಲ್ಲೂ ಹೀಗೇ ಬರೆದಿರುತ್ತಾರೆ. ಕೋತಿಗಳ ಎಚ್ಚರಿಕೆಯನ್ನು ಸಣ್ಣ ಅಕ್ಷರದಿಂದ ಎತ್ತಿ ಮೇಲಕ್ಕೆ ಹಾಕಿ. ಬಾದಾಮಿ ಮೆಟ್ಟಿಲ ಮೇಲೆ ಬಿಸ್ಕಿಟ್ ಪುಡಿ ಹಿಡಿದು ಹೋದವರ ಗತಿ ನಿಮಗೆ ಹೇಳಬೇಕಾ?

ಊಟದ ಸಾಲಿನಲ್ಲಿ ‘ಹೋಟೆಲ್’ ಅನ್ನು ‘ರಿಸ್ತೊರಾಂತೆ’ ಮಾಡಿ, ಇಲ್ಲವಾದರೆ ರೂಮು ಕೇಳುತ್ತಾರೆ. ಜೋಳದ ರೊಟ್ಟಿ ‘ಸೋರ್ಗೊ’ ಹಿಟ್ಟಿನ ಚಪ್ಪಟೆ ರೊಟ್ಟಿ, ಎಣ್ಣೆಗಾಯಿ ಸಣ್ಣ ‘ಮೆಲಂಜಾನೆ ರಿಪಿಯೇನೆ’, ತುಂಬಿದ ಬದನೆ. ಅದರಲ್ಲಿ ಶೇಂಗಾ, ಎಳ್ಳು ಇದೆ ಎಂಬುದನ್ನು ಬರೆಯಲೇಬೇಕು. ಯುರೋಪಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳನ್ನು ಗಿರಾಕಿಗೆ ತಿಳಿಸುವುದು ಕಾನೂನು, ಈ ಎರಡೂ ಆ ಪಟ್ಟಿಯಲ್ಲಿವೆ. ಅಲ್ಲಿನವರು ಅದನ್ನು ಹುಡುಕಿಯೇ ಓದುತ್ತಾರೆ.

ಇಷ್ಟೆಲ್ಲ ತಿದ್ದಿದ ಮೇಲೆ ಹಾಳೆಯಲ್ಲಿ ಜಾಗ ಸಾಲುವುದಿಲ್ಲ. ಇಟಾಲಿಯನ್ ಸಾಮಾನ್ಯವಾಗಿ ಇಂಗ್ಲಿಷ್‌ಗಿಂತ ಐದನೇ ಒಂದು ಪಾಲು ಉದ್ದ ಆಗುತ್ತದೆ. ಮೂರು ಮಡಿಕೆಯ ಹಾಳೆಯಲ್ಲಿ ಆರು ಅಂಕಣ, ಒಂದರಲ್ಲೂ ಸಡಿಲ ಇರುವುದಿಲ್ಲ. ಪ್ರೆಸ್‌ನವರು ಆಗ ಅಕ್ಷರ ಸಣ್ಣ ಮಾಡುತ್ತಾರೆ. ಅದಕ್ಕೆ ಬಿಡಬೇಡಿ, ನೀವೇ ಮಾತು ಕಡಿಮೆ ಮಾಡಿ. ಮೊದಲು ಹೋಗಬೇಕಾದದ್ದು ವಿಶೇಷಣ. ‘ಭವ್ಯ, ಅದ್ಭುತ, ಉಸಿರುಬಿಗಿಹಿಡಿಸುವ’ ಎಂದು ಮೂರು ಇರುವ ಕಡೆ ಒಂದೂ ಬೇಡ. 18 ಕೈಗಳ ನಟರಾಜ ಎಂದರೆ ಸಾಕು. ಅಂಕಿ ಇರುವ ವಾಕ್ಯ ಉಳಿಯಲಿ, ಬಣ್ಣನೆ ಹೋಗಲಿ.

ಕೊನೆಯದು ಪ್ರೆಸ್. ನೀವು ಬಾಗಲಕೋಟೆಯಲ್ಲಿ ಮುದ್ರಿಸಲಿ, ಬೆಳಗಾವಿಯಲ್ಲಿ ಮುದ್ರಿಸಲಿ, ಇದನ್ನು ಮೊದಲೇ ಕೇಳಿ: ಯಾವ ಫಾಂಟ್? ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಇನ್ನೂ ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳೇ ಜಾಸ್ತಿ. ಅವುಗಳಲ್ಲಿ ಕನ್ನಡದ ತುಂಡುಗಳು ಯುರೋಪಿನ ಸ್ವರಚಿಹ್ನೆ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ವನ್ನು ಬೇರೆ ಫಾಂಟಿನಲ್ಲಿ ತೆರೆದರೆ `PÀ£ÀßqÀ` ಎಂದು ಕಾಣುವುದನ್ನು ನೋಡಿರುತ್ತೀರಿ. ಇಲ್ಲಿ ಅದರ ಉಲ್ಟಾ ಆಗುತ್ತದೆ. ಕನ್ನಡದ ಹಳೇ ಫೈಲಿನೊಳಗೇ ಇಟಾಲಿಯನ್ ಸುರಿದರೆ `à`, `è` ಇರುವ ಕಡೆ ಕನ್ನಡದ ಕೊಂಬೋ ಇಳಿಯೋ ಬಂದು ಕೂರುತ್ತದೆ. ಅದು ಕಂಡು ಹೋಗುತ್ತದೆ, ಪರವಾಗಿಲ್ಲ. ಕಾಣದ್ದು ಯಾವುದೆಂದರೆ, ಡಿಟಿಪಿಯವರು ಇದು ಕಸ ಅಂದುಕೊಂಡು ಚಿಹ್ನೆ ಅಳಿಸಿ ಬರೀ ಅಕ್ಷರ ಬಿಡುವುದು. `è` ಎಂದರೆ ‘ಇದೆ’, `e` ಎಂದರೆ ‘ಮತ್ತು’. `metà` ಅರ್ಧ, `meta` ಗುರಿ. ವಾಕ್ಯ ತಲೆಕೆಳಗಾಗುತ್ತದೆ, ನೋಡಲು ಮಾತ್ರ ಸರಿಯಾಗಿಯೇ ಇರುತ್ತದೆ.

ಹಾಗಾಗಿ ಖಾಲಿ ಫೈಲಿನಲ್ಲಿ, ಯೂನಿಕೋಡ್ ಲ್ಯಾಟಿನ್ ಫಾಂಟ್ ಹಾಕಿ ಹೊಸದಾಗಿ ಜೋಡಿಸಲು ಹೇಳಿ. ಪ್ರೂಫ್ ಬಂದಾಗ ಪಿಡಿಎಫ್‌ನಲ್ಲಿ `città`, `più`, `perché`, `è` ಇವನ್ನು ಹುಡುಕಿ ನೋಡಿ, ನಿಮ್ಮ ವರ್ಡ್ ಫೈಲಿನಲ್ಲಿರುವಷ್ಟೇ ಸಲ ಸಿಗಬೇಕು. ವಾಕ್ಯದ ಮೊದಲಿಗೆ ದೊಡ್ಡಕ್ಷರ ಬೇಕಾದಾಗ `E'` ಎಂದು ಪಕ್ಕದಲ್ಲಿ ಗೆರೆ ಎಳೆಯುವುದು ಬೇಡ, `È` ಒಂದೇ ಅಕ್ಷರ ಇರಲಿ.

ಗೆಳತಿಗೆ ಎರಡನೇ ಸಲ ತೋರಿಸುವಾಗ ಇಂಗ್ಲಿಷ್ ಪ್ರತಿ ಕೊಡಬೇಡಿ. ಇಟಾಲಿಯನ್ ಒಂದನ್ನೇ ಕೊಟ್ಟು, ಓದುತ್ತಾ ಎಲ್ಲಿ ನಿಂತೆಯೋ ಅಲ್ಲಿ ಗೆರೆ ಹಾಕು ಅಂತ ಹೇಳಿ. ಯಾಕೆ ಅಂತ ಅವಳು ಹೇಳಬೇಕಾಗಿಲ್ಲ, ಅದು ನಿಮಗೆ ಗೊತ್ತಾಗುತ್ತದೆ.

ಮತ್ತೆ ಹಿಂದಿನ ಪುಟದ ಸಮಯ, ಫೋನು. ಸಮಯ 24 ಗಂಟೆ ಲೆಕ್ಕದಲ್ಲಿ, 17.30 ಎಂದು. ಪುರಾತತ್ವ ಇಲಾಖೆಯ ಮ್ಯೂಸಿಯಂ ಶುಕ್ರವಾರ ರಜೆ ಎಂಬುದು ದಪ್ಪಕ್ಷರದಲ್ಲಿ ಇರಲಿ, ಏಕೆಂದರೆ ಅವರಲ್ಲಿ ಎಷ್ಟೋ ಮ್ಯೂಸಿಯಂಗಳಿಗೆ ಸೋಮವಾರ ರಜೆ. ವಾರದ ಹೆಸರು ಸಣ್ಣಕ್ಷರದಲ್ಲಿ. ಫೋನ್ ನಂಬರನ್ನು ನೀವು ಬಾದಾಮಿ ಕೋಡ್ 08357 ಎಂದೇ ಹಾಕಿದ್ದೀರಿ. ಇಟಲಿಯಲ್ಲಿ ಲ್ಯಾಂಡ್‌ಲೈನ್‌ನ ಮೊದಲ ಸೊನ್ನೆಯನ್ನು ಹೊರದೇಶದಿಂದಲೂ ಒತ್ತಲೇಬೇಕು. ಅವರು ಇದಕ್ಕೂ +91 ಆದ ಮೇಲೆ ಸೊನ್ನೆ ಒತ್ತುತ್ತಾರೆ, ಕಾಲ್ ಹೋಗುವುದಿಲ್ಲ. `+91 8357` ಎಂದು ಸೊನ್ನೆ ತೆಗೆದು ಹಾಕಿ.